ನರ್ಸ್ ಬಡ್ತಿಗೆ ಸಮರ್ಥನಾ ಟಿಪ್ಪಣಿ: ಕಾಸರಗೋಡಿನ ಆಸ್ಪತ್ರೆಗಳಲ್ಲಿ ದುಡಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟಾಫ್ ನರ್ಸ್ ಆಗಿ ಕೆಲವು ವರ್ಷ ಕಳೆದು, ಸೀನಿಯರ್ ಸ್ಟಾಫ್ ನರ್ಸ್ ಅಥವಾ ವಾರ್ಡ್ ಇನ್‌ಚಾರ್ಜ್ ಹುದ್ದೆಗೆ ಅರ್ಜಿ ಹಾಕುವಾಗ ಜೊತೆಗೆ ಕೊಡಬೇಕಾದ ಟಿಪ್ಪಣಿಯ ಬಗ್ಗೆ ಈ ಪುಟ. ಇದರಲ್ಲಿ ಬರುವ ವಾರ್ಡಿನ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಟಿಪ್ಪಣಿಗೆ ನಿಮ್ಮ ವಾರ್ಡಿನ ಅಂಕಿಯೇ ಬೇಕು.

ಈ ಟಿಪ್ಪಣಿ ಎಲ್ಲರಿಗೂ ಬೇಕೇ? ಸರಕಾರಿ ಆಸ್ಪತ್ರೆಯಲ್ಲೂ ಕೇಳುತ್ತಾರೆಯೇ?

ಸರಕಾರಿ ಸೇವೆಯಲ್ಲಿ ಬಡ್ತಿ ಮುಖ್ಯವಾಗಿ ಜ್ಯೇಷ್ಠತಾ ಪಟ್ಟಿಯ ಮೇಲೆ ನಡೆಯುತ್ತದೆ. ಅಲ್ಲಿ ಎಷ್ಟು ಚೆನ್ನಾಗಿ ಬರೆದರೂ ಪಟ್ಟಿಯಲ್ಲಿ ಮೇಲೆ ಹೋಗುವುದಿಲ್ಲ. ಟಿಪ್ಪಣಿಗೆ ಬೆಲೆ ಇರುವುದು ಖಾಸಗಿ, ಸಹಕಾರಿ ಮತ್ತು ಟ್ರಸ್ಟ್ ಆಸ್ಪತ್ರೆಗಳಲ್ಲಿ. ಒಂದು ಹುದ್ದೆ ಖಾಲಿಯಾಗಿ ನಾಲ್ಕು ಮಂದಿ ಸಿಸ್ಟರುಗಳು ಅರ್ಹರಿದ್ದಾಗ ನರ್ಸಿಂಗ್ ಸೂಪರಿಂಟೆಂಡೆಂಟ್ ಆಡಳಿತ ಮಂಡಳಿಯ ಮುಂದೆ "ಇವರೇ ಯಾಕೆ" ಎಂದು ಹೇಳಬೇಕಾಗುತ್ತದೆ. ಟಿಪ್ಪಣಿ ಅವರ ಕೈಗೆ ಕೊಡುವ ಉತ್ತರ. ಹಾಗಾಗಿ ಬರೆಯುವಾಗ ಅವರ ಬಾಯಲ್ಲಿ ಬರಬಹುದಾದ ವಾಕ್ಯವನ್ನೇ ಬರೆಯಿರಿ.

ಎಷ್ಟು ಉದ್ದ ಇರಬೇಕು? ಯಾವ ಭಾಷೆಯಲ್ಲಿ?

ಒಂದೂವರೆ ಪುಟ. ಎರಡನೇ ಪುಟ ದಾಟಿದರೆ ಓದುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ನರ್ಸಿಂಗ್ ಸೂಪರಿಂಟೆಂಡೆಂಟರ ಹೆಸರಿಗೆ, ವಾರ್ಡ್ ಇನ್‌ಚಾರ್ಜ್ ಮೂಲಕ ಕೊಡಿ. ಇನ್‌ಚಾರ್ಜನ್ನು ದಾಟಿ ಮೇಲಕ್ಕೆ ಹೋದ ಕಾಗದ ಹೆಚ್ಚಾಗಿ ಅವರ ಮೇಜಿಗೇ ಮರಳಿ ಬರುತ್ತದೆ, ಆಗ ಮನಸ್ಸೂ ಸ್ವಲ್ಪ ಕೆಟ್ಟಿರುತ್ತದೆ. ಆಡಳಿತದ ಕಾಗದ ಇಂಗ್ಲಿಷಿನಲ್ಲಿ ಓಡುವ ಕಡೆ ಇಂಗ್ಲಿಷಿನಲ್ಲೇ ಕೊಡಿ. ಆದರೆ ಮೊದಲ ಕರಡನ್ನು ಕನ್ನಡದಲ್ಲಿ ಬರೆದು ನೋಡಿ. ಇಂಗ್ಲಿಷಿನಲ್ಲಿ ಕೂತರೆ "ನಿಷ್ಠೆ", "ತಂಡ ಮನೋಭಾವ", "ಉತ್ತಮ ಸಂವಹನ" ಎಂಬ ಸಿದ್ಧ ಪದಗಳು ತಾವಾಗಿ ಬಂದು ಕೂರುತ್ತವೆ. ಕನ್ನಡದಲ್ಲಿ ಬರೆದರೆ ಏನು ಮಾಡಿದಿರಿ ಎಂಬುದೇ ಬರುತ್ತದೆ.

"ಹತ್ತು ವರ್ಷದ ಅನುಭವ ಇದೆ, ರಜೆ ಹಾಕಿದ್ದು ಕಮ್ಮಿ, ರೋಗಿಗಳಿಂದ ದೂರಿಲ್ಲ." ಇಷ್ಟು ಸಾಲದೇ?

ಸಾಲದು. ಇವು ನೀವು ಒಳ್ಳೆಯ ಸ್ಟಾಫ್ ನರ್ಸ್ ಎಂದು ತೋರಿಸುತ್ತವೆ. ಅಂದರೆ ಈಗಿರುವ ಹುದ್ದೆಗೆ ಸರಿಯಾಗಿದ್ದೀರಿ ಎಂದು. ಓದುವವರು ಹುಡುಕುವುದು ಬೇರೆ: ಈಕೆಗೆ ಒಂದು ಮಂಚದ ಆಚೆಗೂ ಕಣ್ಣು ಹಾಯುತ್ತದೆಯೇ?

ಸ್ಟಾಫ್ ನರ್ಸ್ ತನ್ನ ಪಾಲಿಗೆ ಬಂದ ಆರೋ ಎಂಟೋ ರೋಗಿಗಳನ್ನು ನೋಡಿಕೊಳ್ಳುತ್ತಾಳೆ. ಸೀನಿಯರ್ ಆದವಳು ಬೇರೆಯವರು ನೋಡಿಕೊಳ್ಳುವ ರೋಗಿಗಳ ಬಗ್ಗೆಯೂ ಉತ್ತರ ಕೊಡಬೇಕು. ಒಬ್ಬ ರೋಗಿಯ ಕೈ ಊದಿದರೆ ಕ್ಯಾನುಲಾ ಬದಲಿಸುವುದು ಮೊದಲನೆಯ ಕೆಲಸ. ಈ ತಿಂಗಳು ಇಷ್ಟು ಕೈ ಊದಿದ್ದು ಯಾಕೆ ಎಂದು ಹುಡುಕಿ, ಮುಂದಿನ ತಿಂಗಳು ಕಡಿಮೆ ಮಾಡುವುದು ಎರಡನೆಯದು. ಟಿಪ್ಪಣಿಯ ಪ್ರತಿ ಉದಾಹರಣೆಯೂ ಎರಡನೆಯ ಬಗೆಯದಾಗಿರಬೇಕು.

ಎಷ್ಟು ಉದಾಹರಣೆ ಕೊಡಲಿ?

ಮೂರು. ವಾರ್ಡಿನಲ್ಲಿ ತಂದ ಒಂದು ಬದಲಾವಣೆ, ಒತ್ತಡದ ಹೊತ್ತಿನಲ್ಲಿ ತೆಗೆದುಕೊಂಡ ಒಂದು ನಿರ್ಧಾರ, ಮತ್ತೊಬ್ಬರಿಗೆ ಕಲಿಸಿದ ಒಂದು ಸಂಗತಿ. ಹನ್ನೆರಡು ಸಣ್ಣ ಸಾಲುಗಳ ಪಟ್ಟಿ ಕೊಟ್ಟರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ತರಬೇತಿ ಸರ್ಟಿಫಿಕೇಟುಗಳನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ತೋರಿಸಬಹುದೇ?

ಕ್ಯಾನುಲಾದ ವಿಷಯವನ್ನೇ ತೆಗೆದುಕೊಳ್ಳೋಣ. ವಾರ್ಡಿನಲ್ಲಿ ವೆನ್‌ಫ್ಲಾನ್ ಎಂದೇ ಕರೆಯುವ ಆ ಸಣ್ಣ ಕೊಳವೆ ಹಾಕಿದ ಜಾಗ ಕೆಂಪಾಗಿ, ನೋವು ಬಂದು, ಊದಿಕೊಳ್ಳುವುದೇ ಫ್ಲೆಬೈಟಿಸ್. ಯಾವ ಮೆಡಿಕಲ್ ವಾರ್ಡಿನಲ್ಲೂ ಇದು ಇದ್ದೇ ಇದೆ. ಎಣಿಸಲು ಸುಲಭ, ಕಡಿಮೆ ಮಾಡಲು ನರ್ಸ್ ಕೈಯಲ್ಲೇ ದಾರಿ ಇದೆ. ಅದಕ್ಕೇ ಟಿಪ್ಪಣಿಗೆ ಇದು ಚೆನ್ನಾಗಿ ಹೊಂದುತ್ತದೆ.

ಹೆಚ್ಚಿನವರು ಹೀಗೆ ಬರೆಯುತ್ತಾರೆ: "ಐವಿ ಲೈನ್ ಆರೈಕೆಯಲ್ಲಿ ಪರಿಣತಿ ಇದೆ, ವಾರ್ಡಿನಲ್ಲಿ ಫ್ಲೆಬೈಟಿಸ್ ಕಡಿಮೆ ಮಾಡಲು ಶ್ರಮಿಸಿದ್ದೇನೆ." ಇದನ್ನು ಯಾರೂ ಅಲ್ಲಗಳೆಯಲಾರರು, ಹಾಗೆಯೇ ಯಾರೂ ನಂಬಬೇಕಾಗಿಯೂ ಇಲ್ಲ.

ಇದೇ ಸಂಗತಿ ಕೆಲಸವಾಗಿ ಹೀಗಿರುತ್ತದೆ. ಜನವರಿಯಿಂದ ಮಾರ್ಚ್ ತನಕ ವಾರ್ಡಿನಲ್ಲಿದ್ದ ಕ್ಯಾನುಲಾ 300. ಅದರಲ್ಲಿ ಫ್ಲೆಬೈಟಿಸ್ ಎಷ್ಟಿದೆಯೆಂದು ಅಳೆಯುವ ವಿಐಪಿ ಸ್ಕೋರ್ 2 ಅಥವಾ ಹೆಚ್ಚು ಬಂದದ್ದು 27, ಅಂದರೆ ನೂರಕ್ಕೆ 9. ನೋವು, ಕೆಂಪು, ಊತ ಈ ಮೂರರಲ್ಲಿ ಎರಡು ಕಂಡರೆ ಸ್ಕೋರ್ 2; ಅಲ್ಲಿಗೆ ಕ್ಯಾನುಲಾ ತೆಗೆದು ಬೇರೆ ಕಡೆ ಹಾಕಬೇಕು. ಆ 27 ಪ್ರಕರಣಗಳನ್ನು ಬಿಡಿಬಿಡಿಯಾಗಿ ನೋಡಿದಾಗ 12 ಕ್ಯಾನುಲಾ ಮಣಿಕಟ್ಟು ಅಥವಾ ಮೊಣಕೈ ಮಡಚುವಲ್ಲಿ ಇದ್ದವು. ಹೆಚ್ಚಿನವು ಕ್ಯಾಷುವಾಲ್ಟಿಯಲ್ಲಿ ಅವಸರಕ್ಕೆ ಹಾಕಿದ ಹಸಿರು 18 ಗೇಜಿನವು. ಅವಸರ ಮುಗಿದ ಮೇಲೂ ಯಾರೂ ಬದಲಿಸಿರಲಿಲ್ಲ. ಕೈ ಮಡಚಿದಾಗೆಲ್ಲ ದಪ್ಪ ಕೊಳವೆ ಒಳಗೆ ರಕ್ತನಾಳದ ಗೋಡೆಗೆ ಉಜ್ಜುತ್ತದೆ. ಇನ್ನು 8 ಕ್ಯಾನುಲಾಗಳ ಮೇಲೆ ಹಾಕಿದ ದಿನಾಂಕವೇ ಇರಲಿಲ್ಲ, ಹಾಗಾಗಿ ಎಷ್ಟು ದಿನದ್ದೆಂದು ಮುಂದಿನ ಪಾಳಿಯವರಿಗೆ ತಿಳಿಯುತ್ತಿರಲಿಲ್ಲ. ಉಳಿದ 7 ಔಷಧದಿಂದ ಆದದ್ದು, ಮುಖ್ಯವಾಗಿ 1 ಗ್ರಾಂ ವ್ಯಾಂಕೋಮೈಸಿನನ್ನು 100 ಮಿಲಿ ಸಲೈನಿನಲ್ಲಿ ಕಲಸಿ ಅರ್ಧ ಗಂಟೆಯಲ್ಲಿ ಹರಿಸಿದ್ದು. ಅದಕ್ಕೆ ಕನಿಷ್ಠ 200 ಮಿಲಿ ಬೇಕು, 100 ನಿಮಿಷಕ್ಕಿಂತ ಬೇಗ ಹೋಗಕೂಡದು.

ಮಾಡಿದ್ದು ಮೂರೇ ಕೆಲಸ. ಕ್ಯಾಷುವಾಲ್ಟಿಯಿಂದ ಬಂದ ರೋಗಿಯ ಮಡಚುವ ಜಾಗದ ಕ್ಯಾನುಲಾವನ್ನು, ರೋಗಿ ಸ್ಥಿರವಾದ ಮೇಲೆ, ಮುಂಗೈಯಲ್ಲಿ 20 ಅಥವಾ 22 ಗೇಜಿನದಕ್ಕೆ ಬದಲಿಸುವುದು. ಡ್ರೆಸ್ಸಿಂಗ್ ಮೇಲೆ ದಿನಾಂಕ, ಹೊತ್ತು ಬರೆಯುವುದು. ಪಾಳಿ ಬದಲಾಗುವಾಗ ಇಬ್ಬರೂ ನರ್ಸ್‌ಗಳು ಮಂಚದ ಬಳಿ ನಿಂತು ಸ್ಕೋರ್ ನೋಡುವುದು. ಏಪ್ರಿಲಿನಿಂದ ಜೂನ್ ತನಕ 290 ಕ್ಯಾನುಲಾ, ಫ್ಲೆಬೈಟಿಸ್ 13, ನೂರಕ್ಕೆ 4.5. ಮಡಚುವ ಜಾಗದ್ದು 12ರಿಂದ 4ಕ್ಕೆ ಇಳಿಯಿತು, ದಿನಾಂಕ ಇಲ್ಲದ್ದು 8ರಿಂದ 4ಕ್ಕೆ. ಔಷಧದಿಂದ ಆಗುವುದು ಮಾತ್ರ 7ರಿಂದ 5, ಇಳಿಯಿತು ಎನ್ನುವ ಹಾಗಿಲ್ಲ.

ಈಗ ಟಿಪ್ಪಣಿಯಲ್ಲಿ ಬರುವ ಪ್ಯಾರಾ:

> "ಮೆಡಿಕಲ್ ವಾರ್ಡಿನಲ್ಲಿ ಜನವರಿ–ಮಾರ್ಚ್ ಅವಧಿಯ 300 ಕ್ಯಾನುಲಾಗಳಲ್ಲಿ 27ರಲ್ಲಿ ಫ್ಲೆಬೈಟಿಸ್ ಆಗಿತ್ತು. ಪ್ರಕರಣಗಳನ್ನು ಕಾರಣದ ಪ್ರಕಾರ ವಿಂಗಡಿಸಿದಾಗ 12 ಮಡಚುವ ಜಾಗದವು ಎಂದು ಕಂಡುಬಂತು. ಇನ್‌ಚಾರ್ಜ್ ಅವರ ಒಪ್ಪಿಗೆ ಪಡೆದು ಜಾಗ ಬದಲಿಸುವ, ದಿನಾಂಕ ಬರೆಯುವ ಮತ್ತು ಹ್ಯಾಂಡೋವರಿನಲ್ಲಿ ಜಂಟಿಯಾಗಿ ಪರಿಶೀಲಿಸುವ ಕ್ರಮವನ್ನು ಆರಂಭಿಸಿದೆ. ಏಪ್ರಿಲ್–ಜೂನ್‌ನಲ್ಲಿ 290ರಲ್ಲಿ 13 ಆಯಿತು. ಔಷಧದಿಂದ ಆಗುವ ಫ್ಲೆಬೈಟಿಸ್ ಹೆಚ್ಚು ಇಳಿದಿಲ್ಲ. ಕಲಸುವ ಪ್ರಮಾಣದ ಪಟ್ಟಿಯನ್ನು ಫಾರ್ಮಸಿಯಿಂದ ಕೇಳಿದ್ದೇನೆ. ವಾರ್ಡಿನ ಎಲ್ಲ ಪಾಳಿಯವರೂ ಎಣಿಕೆಯಲ್ಲಿ ಕೈಜೋಡಿಸಿದ್ದಾರೆ. ಎಣಿಕೆಯ ಹಾಳೆ ಲಗತ್ತಿಸಿದೆ."

ಕೊನೆಯ ನಾಲ್ಕು ವಾಕ್ಯಗಳನ್ನು ಗಮನಿಸಿ. ಏನು ಸರಿಹೋಗಲಿಲ್ಲ, ಯಾರೆಲ್ಲ ಸೇರಿದ್ದರು, ಆಧಾರ ಎಲ್ಲಿದೆ. ಹೆಚ್ಚಿನವರು ಇವನ್ನೇ ಬಿಡುತ್ತಾರೆ. ಆದರೆ ಇವುಗಳಿಂದಲೇ ಮೇಲಿನ ಅಂಕಿಯನ್ನು ನಂಬಬೇಕೆನಿಸುತ್ತದೆ.

ಅಂಕಿಯ ಬಗ್ಗೆ ಸಂದರ್ಶನದಲ್ಲಿ ಎಲ್ಲಿ ಕೊಕ್ಕೆ ಹಾಕುತ್ತಾರೆ?

ಮೂರು ಕಡೆ. ಮೊದಲನೆಯದು, "ಕಮ್ಮಿಯಾಯಿತೋ, ಬರೆಯುವುದು ಕಮ್ಮಿಯಾಯಿತೋ?" ಎಣಿಸುವ ಉತ್ಸಾಹ ಮೊದಲ ತಿಂಗಳು ಇರುತ್ತದೆ, ಆಮೇಲೆ ಹಾಳೆ ಖಾಲಿ ಬೀಳುತ್ತದೆ. ಖಾಲಿ ಹಾಳೆಯೂ ಲೆಕ್ಕದಲ್ಲಿ ಸೊನ್ನೆಯಾಗಿ ಕಾಣುತ್ತದೆ. ಇದನ್ನು ತಪ್ಪಿಸಲು ಪ್ರತಿ ಪಾಳಿಯ ಹಾಳೆಯಲ್ಲಿ "ನೋಡಿದ ಕ್ಯಾನುಲಾ ಎಷ್ಟು" ಎಂಬ ಕಾಲಂ ಇಡಿ. ಪ್ರಕರಣ ಇಲ್ಲದಿದ್ದರೂ ಆ ಕಾಲಂ ತುಂಬಲೇಬೇಕು. ಅದು ಖಾಲಿ ಇದ್ದ ದಿನಗಳನ್ನು ಲೆಕ್ಕದಿಂದ ತೆಗೆದು, ತೆಗೆದದ್ದನ್ನು ಹೇಳಿ.

ಎರಡನೆಯದು, ಇಬ್ಬರು ನೋಡಿದರೆ ಒಂದೇ ಸ್ಕೋರ್ ಬರುತ್ತದೆಯೇ? ಶುರುವಿನಲ್ಲಿ ಇಬ್ಬರು ನರ್ಸ್‌ಗಳು ಒಂದೇ 20 ಕ್ಯಾನುಲಾಗಳನ್ನು ಬೇರೆ ಬೇರೆಯಾಗಿ ನೋಡಿ ಬರೆಯಲಿ. ನಾಲ್ಕೈದರಲ್ಲಿ ಭಿನ್ನ ಬಂದರೆ ಕೂತು ಮಾತಾಡಿಕೊಳ್ಳಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದು ಕಷ್ಟ, ಅಲ್ಲಿ ಬಿಸಿ ಮತ್ತು ನೋವನ್ನೇ ನೆಚ್ಚಬೇಕು. ಈ ಅರ್ಧ ಗಂಟೆಯ ಕೆಲಸ ಮಾಡಿದ್ದೀರಿ ಎಂದು ಒಂದು ಸಾಲು ಬರೆದರೆ ಸಾಕು.

ಮೂರನೆಯದು ನಮ್ಮ ಊರಿಗೆ ವಿಶೇಷ. ಜೂನಿನಲ್ಲಿ ಮಳೆ ಹಿಡಿದರೆ ವಾರ್ಡಿನ ರೋಗಿಗಳೇ ಬದಲಾಗುತ್ತಾರೆ, ಡೆಂಗಿ ಮತ್ತು ಇಲಿಜ್ವರದ ಮಂಚಗಳು ತುಂಬುತ್ತವೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದವರ ಕೈಯಲ್ಲಿ ರಕ್ತ ಕಟ್ಟಿ ನೀಲಿಯಾದದ್ದನ್ನು ಫ್ಲೆಬೈಟಿಸ್ ಎಂದು ಬರೆಯುವವರಿದ್ದಾರೆ. ಬೇಸಿಗೆಯ ಮೂರು ತಿಂಗಳನ್ನು ಮಳೆಗಾಲದ ಜೊತೆ ಹೋಲಿಸುವಾಗ ಇದನ್ನು ನೀವೇ ಮೊದಲು ಹೇಳಿಬಿಡಿ. ಸಾಧ್ಯವಾದರೆ ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ.

ರಾತ್ರಿ ಪಾಳಿಯ ತುರ್ತು ಪ್ರಸಂಗವನ್ನು ಹೇಗೆ ಬರೆಯಲಿ? ಎಲ್ಲರೂ "ರೋಗಿಯ ಜೀವ ಉಳಿಸಿದೆ" ಎಂದೇ ಬರೆಯುತ್ತಾರಲ್ಲ?

ಆ ವಾಕ್ಯ ಬೇಡ. ಜೀವ ಉಳಿಯಲು ಹತ್ತು ಕೈ ಸೇರಿರುತ್ತವೆ. ಓದುವ ಡಾಕ್ಟರಿಗೆ ಅದು ಕಿರಿಕಿರಿ. ನಿಮ್ಮ ಪಾಲಿನದು ಎರಡು: ಬೇಗ ಗುರುತಿಸಿದ್ದು ಮತ್ತು ಆ ಹೊತ್ತಿನಲ್ಲಿ ಉಳಿದ ವಾರ್ಡನ್ನು ನಡೆಸಿದ್ದು.

ಉದಾಹರಣೆಗೆ, ರಾತ್ರಿ 2.10. ನ್ಯುಮೋನಿಯಾದ ರೋಗಿ, ಎಚ್ಚರವಾಗಿ ಮಾತಾಡುತ್ತಿದ್ದಾರೆ, ನೋಡಲು ಅಂಥ ಗಾಬರಿಯೇನಿಲ್ಲ. ಉಸಿರು ನಿಮಿಷಕ್ಕೆ 22, ನಾಡಿ 112, ಮೇಲಿನ ಬಿಪಿ 104, ಆಮ್ಲಜನಕ ಹೊರಗಿನ ಗಾಳಿಯಲ್ಲೇ 94, ಜ್ವರ 38.4 ಸೆಲ್ಸಿಯಸ್. ಒಂದೊಂದಾಗಿ ನೋಡಿದರೆ ಯಾವುದೂ ಫೋನ್ ಮಾಡುವಷ್ಟು ಕೆಟ್ಟಿಲ್ಲ. ರೋಗಿ ಹದಗೆಡುವುದನ್ನು ಬೇಗ ಗುರುತಿಸಲು ಅಂಕ ಹಾಕುವ ನ್ಯೂಸ್-2 ಪಟ್ಟಿಯಲ್ಲಿ ಕೂಡಿಸಿದರೆ ಉಸಿರಿಗೆ 2, ನಾಡಿಗೆ 2, ಬಿಪಿಗೆ 1, ಆಮ್ಲಜನಕಕ್ಕೆ 1, ಜ್ವರಕ್ಕೆ 1, ಒಟ್ಟು 7. ಐದಕ್ಕೆ ಡಾಕ್ಟರನ್ನು ಬೇಗ ಕರೆಯಬೇಕು, ಏಳು ಅಂದರೆ ತುರ್ತು.

ಟಿಪ್ಪಣಿಯಲ್ಲಿ ಈ ಒಟ್ಟು ಮೊತ್ತ, ಕರೆದ ಹೊತ್ತು, ಡಾಕ್ಟರ್ ಬಂದ ಹೊತ್ತು ಇರಲಿ. ಫೋನಿನಲ್ಲಿ ಏನು ಹೇಳಿದಿರಿ ಎಂಬುದೂ ಒಂದು ಸಾಲು ಬರಲಿ. "ಡಾಕ್ಟ್ರೇ, ಪೇಶಂಟ್ ಯಾಕೋ ಸರಿ ಇಲ್ಲ" ಎಂದರೆ ಆ ಕಡೆಯಿಂದ "ನೋಡ್ತಾ ಇರಿ" ಎಂದು ಬರುವ ಸಾಧ್ಯತೆ ಹೆಚ್ಚು. "ಸ್ಕೋರ್ 7, ಆರು ಗಂಟೆ ಹಿಂದೆ 3 ಇತ್ತು, ಈಗಲೇ ಬಂದು ನೋಡಬೇಕು" ಎಂದರೆ ಬೇರೆ ಉತ್ತರ ಬರುತ್ತದೆ.

ಆಮೇಲೆ ಸೀನಿಯರ್ ಹುದ್ದೆಗೆ ನಿಜವಾಗಿ ಬೇಕಾದ ಭಾಗ. ನೀವು ಆ ಮಂಚದ ಬಳಿ ಮುಕ್ಕಾಲು ಗಂಟೆ ನಿಂತಾಗ ಉಳಿದವರನ್ನು ಯಾರು ನೋಡಿದರು? "ಜೂನಿಯರ್ ನರ್ಸಿಗೆ ನನ್ನ ಎಂಟು ರೋಗಿಗಳಲ್ಲಿ ಗಮನ ಬೇಕಾದ ಇಬ್ಬರನ್ನು ಹೆಸರಿಸಿ ಒಪ್ಪಿಸಿದೆ, 2.30ರ ಆಂಟಿಬಯೋಟಿಕ್‌ಗೆ ಪಕ್ಕದ ವಾರ್ಡಿನಿಂದ ಒಬ್ಬರನ್ನು ಕರೆದೆ, ತಡವಾದ ಒಂದು ಡೋಸನ್ನು ಚಾರ್ಟಿನಲ್ಲಿ ಕಾರಣ ಸಮೇತ ಬರೆದೆ." ಸೂಪರಿಂಟೆಂಡೆಂಟ್ ಗೆರೆ ಎಳೆದುಕೊಳ್ಳುವುದು ಇಂಥ ಸಾಲಿನ ಕೆಳಗೆ.

ರೋಗಿಯ ಹೆಸರು, ಐಪಿ ನಂಬರ್, ಊರು ಯಾವುದೂ ಬೇಡ. ತಿಂಗಳು ಮತ್ತು ವಾರ್ಡ್ ಸಾಕು. ಕೇಸ್ ಶೀಟಿನ ಫೋಟೋ ತೆಗೆದು ಲಗತ್ತಿಸುವುದಂತೂ ಬೇಡವೇ ಬೇಡ. ಆಧಾರ ಕೇಳಿದರೆ ಆಸ್ಪತ್ರೆಯ ರೆಕಾರ್ಡಿನಲ್ಲೇ ಸಿಗುತ್ತದೆ.

ನನಗೆ ಕನ್ನಡ, ಮಲಯಾಳ, ತುಳು, ಬ್ಯಾರಿ ಬರುತ್ತದೆ. ಇದು ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ, ಆದರೆ "ನಾಲ್ಕು ಭಾಷೆ ಬಲ್ಲೆ" ಎಂದು ಬರೆದರೆ ಇಲ್ಲ. ಕಾಸರಗೋಡಿನಲ್ಲಿ ನಾಲ್ಕು ಭಾಷೆ ಬಲ್ಲವರು ಬಸ್ಸಿನ ತುಂಬ ಇದ್ದಾರೆ. ಆ ಭಾಷೆಯಿಂದ ಯಾವ ಅಪಾಯ ತಪ್ಪಿತು ಎಂದು ಬರೆಯಿರಿ.

ಇನ್ಸುಲಿನ್ ಒಳ್ಳೆಯ ಉದಾಹರಣೆ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನ ಕಾರ್ಟ್ರಿಜ್ ಮಿಲಿಗೆ 100 ಯೂನಿಟ್, ಆ ಅಳತೆಯ ಸಿರಿಂಜಿಗೆ ಕಿತ್ತಳೆ ಮುಚ್ಚಳ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ, ಶುಗರ್ ಇಳಿಯುವುದಿಲ್ಲ. ತಿರುಗಿಸಿ, ಪೆನ್ ಹಾಳಾಯಿತೆಂದು ಕಾರ್ಟ್ರಿಜಿನಿಂದ ಕೆಂಪು ಸಿರಿಂಜಿನಲ್ಲಿ 20ಕ್ಕೆ ಎಳೆದರೆ 50 ಯೂನಿಟ್ ಹೋಗುತ್ತದೆ, ರೋಗಿ ಪ್ರಜ್ಞೆ ತಪ್ಪಬಹುದು. ಡಿಸ್ಚಾರ್ಜ್ ಹಾಳೆ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ ಇದ್ದರೆ ಎಣ್ಮಕಜೆ, ಬದಿಯಡ್ಕ, ಮಂಜೇಶ್ವರ ಕಡೆಯ ಮನೆಯಲ್ಲಿ ಕನ್ನಡ ಓದುವ ಅಜ್ಜಿಗೆ ಈ ವ್ಯತ್ಯಾಸ ತಲುಪುವುದು ಕಷ್ಟ. ಆಕೆ ತಲೆಯಾಡಿಸುತ್ತಾಳೆ ಅಷ್ಟೆ.

ಹಾಗಾಗಿ ಟಿಪ್ಪಣಿಯಲ್ಲಿ: ಕನ್ನಡ ಮತ್ತು ಮಲಯಾಳದಲ್ಲಿ ಮುಚ್ಚಳದ ಬಣ್ಣದ ಚಿತ್ರವಿರುವ ಒಂದು ಪುಟ ಮಾಡಿದ್ದು, ಅದನ್ನು ಡಯಾಬಿಟಿಸ್ ಡಾಕ್ಟರಿಗೆ ತೋರಿಸಿ ಸಹಿ ಪಡೆದದ್ದು, ಬಿಡುಗಡೆಗೆ ಮೊದಲು ರೋಗಿಯ ಕೈಯಲ್ಲೇ ಸಿರಿಂಜು ಕೊಟ್ಟು ಎಳೆಸಿ ನೋಡುವ ಕ್ರಮ ಶುರು ಮಾಡಿದ್ದು, ಮೊದಲ ಸಲಕ್ಕೇ ಎಷ್ಟು ಮಂದಿ ತಪ್ಪಾಗಿ ಎಳೆದರು ಎಂಬ ಎಣಿಕೆ. ಈ ಪುಟವನ್ನು ಇತರ ಮೂವರು ನರ್ಸ್‌ಗಳು ನೀವಿಲ್ಲದ ಪಾಳಿಯಲ್ಲೂ ಬಳಸುತ್ತಿದ್ದಾರೆ ಎಂದಾದರೆ ಅದೇ "ಕಲಿಸಿದ ಸಂಗತಿ"ಯ ಉದಾಹರಣೆಯೂ ಆಯಿತು. ಡಾಕ್ಟರ ಸಹಿ ಇಲ್ಲದೆ ಸ್ವಂತ ಹಾಳೆ ಹಂಚಿದ್ದರೆ ಮಾತ್ರ ಅದನ್ನು ಬರೆಯಬೇಡಿ, ಮೊದಲು ಸರಿಪಡಿಸಿಕೊಳ್ಳಿ.

ನನ್ನ ಕೈಯಿಂದ ಒಮ್ಮೆ ಔಷಧದ ತಪ್ಪು ಆಗಿದೆ, ಫೈಲಿನಲ್ಲಿದೆ. ಮುಚ್ಚಿಡಲೇ?

ಫೈಲಿನಲ್ಲಿದ್ದರೆ ಅವರಿಗೆ ಗೊತ್ತಿದೆ. ನಾಲ್ಕು ವಾಕ್ಯದಲ್ಲಿ ನೀವೇ ಬರೆಯಿರಿ: ಏನಾಯಿತು, ಎಷ್ಟು ಹೊತ್ತಿನಲ್ಲಿ ಯಾರಿಗೆ ತಿಳಿಸಿದಿರಿ, ರೋಗಿಗೆ ಏನಾಯಿತು, ಆ ಮೇಲೆ ವಾರ್ಡಿನಲ್ಲಿ ಏನು ಬದಲಾಯಿತು. ನಾಲ್ಕನೆಯದಕ್ಕೆ "ಹೆಚ್ಚು ಜಾಗರೂಕಳಾದೆ" ಎಂದು ಉತ್ತರ ಬಂದರೆ ಆ ಪ್ಯಾರಾ ತೆಗೆದುಬಿಡಿ. "ಒಂದೇ ರೀತಿ ಕಾಣುವ ಎರಡು ಆ್ಯಂಪ್ಯೂಲುಗಳನ್ನು ಬೇರೆ ಬೇರೆ ಡ್ರಾಯರಿಗೆ ಸರಿಸಲಾಯಿತು, ಪೊಟ್ಯಾಶಿಯಂ ಕ್ಲೋರೈಡ್‌ಗೆ ಇಬ್ಬರ ಸಹಿ ಕಡ್ಡಾಯವಾಯಿತು" ಎಂಬಂಥ ಉತ್ತರ ಇದ್ದರೆ ಇಡಿ. ಬೇರೆಯವರ ತಪ್ಪನ್ನು ನೀವು ಹಿಡಿದ ಪ್ರಸಂಗವಾದರೆ ಅವರ ಗುರುತು ಸಿಗದಂತೆ ಬರೆಯಿರಿ. ನಾಳೆ ಅವರೇ ನಿಮ್ಮ ಕೈಕೆಳಗೆ ಬರುತ್ತಾರೆ.

ಕಲಿತದ್ದು ಮಂಗಳೂರಿನಲ್ಲಿ, ನೋಂದಣಿ ಕರ್ನಾಟಕದ್ದು. ತೊಂದರೆಯೇ?

ಕೇರಳದಲ್ಲಿ ಕೆಲಸ ಮಾಡಲು ಕೇರಳ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲಿನಲ್ಲಿ ನೋಂದಣಿ ಬೇಕು. ಟಿಪ್ಪಣಿಯ ತಲೆಯಲ್ಲೇ ನೋಂದಣಿ ಸಂಖ್ಯೆ ಮತ್ತು ನವೀಕರಣದ ದಿನಾಂಕ ಹಾಕಿ. ಅವಧಿ ಮುಗಿದಿದ್ದರೆ ಅಥವಾ ವರ್ಗಾವಣೆ ಅರ್ಧದಲ್ಲಿ ನಿಂತಿದ್ದರೆ ಅದನ್ನು ಮುಗಿಸಿ ಆಮೇಲೆ ಅರ್ಜಿ ಕೊಡಿ. ಉಳಿದೆಲ್ಲ ಸರಿಯಿದ್ದೂ ಇಷ್ಟಕ್ಕೇ ಕಡತ ಬದಿಗೆ ಸರಿಯುವುದುಂಟು.

ಆಧಾರದ ಕಾಗದಗಳನ್ನು ಈಗ ಎಲ್ಲಿಂದ ತರಲಿ? ನಾನು ಏನನ್ನೂ ಇಟ್ಟುಕೊಂಡಿಲ್ಲ.

ವಾರ್ಡಿನಲ್ಲೇ ಇವೆ. ಎನ್‌ಎಬಿಎಚ್ ಮಾನ್ಯತೆ ಇರುವ ಅಥವಾ ಅದಕ್ಕೆ ತಯಾರಾಗುತ್ತಿರುವ ಆಸ್ಪತ್ರೆಯಾದರೆ ಬಿದ್ದ ರೋಗಿಗಳು, ಬೆನ್ನುಹುಣ್ಣು, ಔಷಧದ ತಪ್ಪು, ಸೂಜಿ ಚುಚ್ಚಿದ್ದು ಇವುಗಳ ತಿಂಗಳ ಲೆಕ್ಕ ಕ್ವಾಲಿಟಿ ವಿಭಾಗದಲ್ಲಿ ಇರುತ್ತದೆ. ನಿಮ್ಮ ವಾರ್ಡಿನ ಅಂಕಿಯನ್ನು ಇನ್‌ಚಾರ್ಜ್ ಮೂಲಕ ಬರಹದಲ್ಲಿ ಕೇಳಿ. ಡ್ಯೂಟಿ ರೋಸ್ಟರಿನಿಂದ ನೀವು ಎಷ್ಟು ರಾತ್ರಿ ಪಾಳಿಯಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿದ್ದಿರಿ ಎಂದು ಎಣಿಸಿ. ಇದು ಹೆಚ್ಚಿನವರು ಮರೆಯುವ, ಆದರೆ ಬಹಳ ತೂಕವಿರುವ ಅಂಕಿ: ವರ್ಷದಲ್ಲಿ 40 ರಾತ್ರಿ ಆ ಕುರ್ಚಿಯಲ್ಲಿ ಕೂತವರು ಹುದ್ದೆಯ ಅರ್ಧ ಕೆಲಸವನ್ನು ಆಗಲೇ ಮಾಡುತ್ತಿದ್ದಾರೆ.

ಹಳೆಯ ಕ್ಯಾನುಲಾ ಲೆಕ್ಕ ಸಿಗದಿದ್ದರೆ ನೆನಪಿನಿಂದ ಕಟ್ಟಬೇಡಿ. ಇವತ್ತಿನಿಂದ ಮೂರು ತಿಂಗಳು ಎಣಿಸಿ, ಅರ್ಜಿಯನ್ನು ಅಷ್ಟು ಮುಂದಕ್ಕೆ ಹಾಕಿ.

ಇನ್‌ಚಾರ್ಜ್ ಸಹಿ ಹಾಕಲು ಹಿಂದೆ ಮುಂದೆ ನೋಡುತ್ತಿದ್ದಾರೆ. ಏನು ಮಾಡಲಿ?

ಹೆಚ್ಚಾಗಿ ತಡೆಯುವುದು ಒಂದೇ ವಾಕ್ಯ, "ನಾನು ಆರಂಭಿಸಿದೆ" ಎಂಬುದು. ಅವರೂ ಅದರಲ್ಲಿ ಇದ್ದಿರಬಹುದು. ಕರಡನ್ನು ಮೊದಲೇ ತೋರಿಸಿ, "ಇದರಲ್ಲಿ ಯಾವುದು ಸರಿಯಿಲ್ಲ ಹೇಳಿ ಸಿಸ್ಟರ್" ಎಂದು ಕೇಳಿ. ಅವರು ತಿದ್ದಿದ ಸಾಲನ್ನು ತಿದ್ದಿದ ಹಾಗೆಯೇ ಇಡಿ. ಸಹಿ ಬೇಡ, ಶಿಫಾರಸು ಮಾಡುವುದಿಲ್ಲ ಎಂದೇ ಅಂದರೆ "ನೋಡಿದ್ದೇನೆ" ಎಂದು ಬರೆದು ದಿನಾಂಕ ಹಾಕಲು ಕೇಳಿಕೊಳ್ಳಿ. ಕಾಗದ ಮುಂದೆ ಹೋಗಲು ಅಷ್ಟು ಸಾಕು.